ನೀರಾಗದ ಸೌತೆಕಾಯಿ ರಾಯ್ತ: ನಾಲ್ಕು ಭಾನುವಾರದ ಲೆಕ್ಕ

ಮನೆಗೆ ಹತ್ತು ಜನ ಊಟಕ್ಕೆ ಬಂದಿದ್ದರು. ಪಲಾವ್ ಚೆನ್ನಾಗಿ ಬಂದಿತ್ತು. ಕೆಟ್ಟಿದ್ದು ಅದರ ಪಕ್ಕದ ರಾಯ್ತ. ಬೆಳಗ್ಗೆ ಎಂಟೂವರೆಗೆ ಕಲಸಿ ಫ್ರಿಜ್ಜಿನಲ್ಲಿ ಇಟ್ಟಿದ್ದೆ. ಆಗ ಸೌಟು ನೆಟ್ಟಗೆ ನಿಲ್ಲುವಷ್ಟು ಗಟ್ಟಿ ಇತ್ತು. ಮಧ್ಯಾಹ್ನ ಒಂದು ಗಂಟೆಗೆ ಮುಚ್ಚಳ ತೆಗೆದರೆ ಹೋಳುಗಳೆಲ್ಲ ತೇಲುತ್ತಿದ್ದವು. ತಟ್ಟೆಗೆ ಹಾಕಿದ್ದು ಹರಿದು ಪಲಾವಿನ ಕೆಳಗೆ ಸೇರಿತು.

ತೀರ್ಥಹಳ್ಳಿಯಿಂದ ಬಂದಿದ್ದ ದೊಡ್ಡಮ್ಮ ಒಂದು ಚಮಚ ಎತ್ತಿ ನೋಡಿ, "ಇದೇನು ಮಾರಾಯ, ಮಜ್ಜಿಗೆಗೆ ಸೌತೆಕಾಯಿ ಹಾಕಿದ್ಯಾ?" ಅಂದರು. ಆಮೇಲೆ ಕೇಳಿದರು, "ಕೋಸಂಬರಿಗೆ ಉಪ್ಪು ಯಾವಾಗ ಹಾಕ್ತೀಯ?"

"ಬಡಿಸೋ ಹೊತ್ತಿಗೆ ದೊಡ್ಡಮ್ಮ. ಮೊದಲೇ ಹಾಕಿದ್ರೆ ನೀರು ಬಿಡುತ್ತೆ."

"ಮತ್ತೆ ಇದಕ್ಕೆ ಬೆಳಗ್ಗೆಯೇ ಯಾಕೆ ಹಾಕ್ದೆ?"

ಉತ್ತರ ಇರಲಿಲ್ಲ. ರಾಮನವಮಿಗೆ ಹೆಸರುಬೇಳೆ ಕೋಸಂಬರಿ ಮಾಡುವಾಗ ತಪ್ಪದೆ ಪಾಲಿಸುವ ನಿಯಮವನ್ನು, ಮೊಸರು ಸೇರಿದ ಕೂಡಲೇ ಮರೆತಿದ್ದೆ. ಆದರೆ ನನ್ನ ಕಷ್ಟ ಬೇರೆ ಇದೆ. ಊಟಕ್ಕೆ ಜನ ಬಂದಾಗ ಕೊನೇ ಗಳಿಗೆಯಲ್ಲಿ ಹೆಚ್ಚಿ ಕಲಸಲು ಪುರಸೊತ್ತು ಇರುವುದಿಲ್ಲ. ಎರಡು ಗಂಟೆ ಮೊದಲೇ ಮಾಡಿಟ್ಟರೂ ಗಟ್ಟಿಯಾಗಿಯೇ ಇರುವ ರಾಯ್ತ ನನಗೆ ಬೇಕು. ಅದಕ್ಕಾಗಿ ನಾಲ್ಕು ಭಾನುವಾರ ಅಡುಗೆಮನೆಯ ತಕ್ಕಡಿ ಇಟ್ಟುಕೊಂಡು ಕೂತೆ. ಬರೆದಿಟ್ಟಿದ್ದ ಲೆಕ್ಕ ಇಲ್ಲಿದೆ.

ಮೊದಲ ಭಾನುವಾರ: ನೀರು ಎಲ್ಲಿಂದ ಬರುತ್ತಿದೆ?

ಮೊದಲು ಕಳ್ಳನನ್ನು ಹಿಡಿಯಬೇಕಿತ್ತು. ಮೊಸರಾ, ಸೌತೆಕಾಯಾ, ಉಪ್ಪಾ? ಮೂರು ಸ್ಟೀಲ್ ಬಟ್ಟಲು ತೆಗೆದುಕೊಂಡೆ. ಮೂರಕ್ಕೂ 200 ಗ್ರಾಂ ಮನೆಯ ಮೊಸರು. ಒಂದನೆಯದರಲ್ಲಿ ಬರೀ ಮೊಸರು, ಚಮಚದಲ್ಲಿ ಕಲಕಿದ್ದು. ಎರಡನೆಯದಕ್ಕೆ 150 ಗ್ರಾಂ ಸೌತೆಕಾಯಿ ಹೋಳು, ಉಪ್ಪಿಲ್ಲ. ಮೂರನೆಯದಕ್ಕೆ ಅಷ್ಟೇ ಹೋಳು, ಜೊತೆಗೆ ಅರ್ಧ ಚಮಚಕ್ಕಿಂತ ಸ್ವಲ್ಪ ಕಡಿಮೆ ಉಪ್ಪು. ಮೂರನ್ನೂ ಮುಚ್ಚಿ ಮೂರು ಗಂಟೆ ಬಿಟ್ಟೆ.

ಅಳೆಯುವುದು ಹೇಗೆ ಅನ್ನುವುದು ಮೊದಲಿಗೆ ತಲೆನೋವಾಯಿತು. ಜರಡಿಗೆ ಹಾಕಿದರೆ ನೀರಿನ ಜೊತೆ ಮೊಸರೂ ಇಳಿಯುತ್ತದೆ. ಕೊನೆಗೆ ಸುಲಭದ ದಾರಿ ಸಿಕ್ಕಿತು. ಚಪ್ಪಟೆ ಸ್ಟೀಲ್ ತಟ್ಟೆಯ ಮೇಲೆ ಒಂದು ದೊಡ್ಡ ಚಮಚ ರಾಯ್ತ ಗುಡ್ಡೆ ಹಾಕುವುದು. ಎರಡು ನಿಮಿಷ ಸುಮ್ನೆ ಬಿಡುವುದು. ಗುಡ್ಡೆಯ ಸುತ್ತ ತೆಳ್ಳಗೆ ಹರಡುವ ನೀರಿನ ಉಂಗುರ ಎಷ್ಟು ಬೆರಳು ಅಗಲ ಇದೆ ಅಂತ ನೋಡುವುದು. ಊಟದ ತಟ್ಟೆಯಲ್ಲಿ ನಮಗೆ ತೊಂದರೆ ಕೊಡುವುದೂ ಇದೇ ಉಂಗುರ ತಾನೇ.

ಬರೀ ಮೊಸರಿನ ಸುತ್ತ ಕೂದಲೆಳೆಯಷ್ಟು ಒದ್ದೆ. ಉಪ್ಪಿಲ್ಲದ ಸೌತೆಕಾಯಿಯದು ಅರ್ಧ ಬೆರಳು. ಉಪ್ಪು ಬಿದ್ದಿದ್ದರಲ್ಲಿ ಗುಡ್ಡೆಯೇ ಕುಸಿದು ಮೂರು ಬೆರಳು ನೀರು ಹರಿದಿತ್ತು.

ಅಲ್ಲಿಗೆ ಜವಾಬ್ದಾರಿ ಯಾರದ್ದು ಅಂತ ಗೊತ್ತಾಯಿತು. ಸೌತೆಕಾಯಿಯ ತೂಕದಲ್ಲಿ ನೂರಕ್ಕೆ 95ರಷ್ಟು ನೀರೇ. ಆ ನೀರು ಸಣ್ಣ ಸಣ್ಣ ಜೀವಕೋಶಗಳ ಒಳಗೆ ಬಂದಿಯಾಗಿರುತ್ತದೆ. ಹೊರಗೆ ಉಪ್ಪು ಜಾಸ್ತಿ ಆದಾಗ ಕೋಶದ ಒಳಗಿನ ನೀರು ಪೊರೆ ದಾಟಿ ಉಪ್ಪಿರುವ ಕಡೆಗೆ ಬರುತ್ತದೆ. ರಾಯ್ತದಲ್ಲಿ ಅದು ಬಂದು ಸೇರುವುದು ಮೊಸರಿಗೆ. ಉಪ್ಪಿಲ್ಲದ ಬರೀ ಮೊಸರು ಹೋಳಿನಿಂದ ಅಷ್ಟಾಗಿ ನೀರು ಎಳೆಯುವುದಿಲ್ಲ. ಹಾಗಾಗಿ ತಕ್ಷಣ ತಿನ್ನುವುದಾದರೆ ದೊಡ್ಡಮ್ಮನ ಕೋಸಂಬರಿ ನಿಯಮವೇ ಸಾಕು: ಉಪ್ಪಿಲ್ಲದೆ ಕಲಸಿ ಇಟ್ಟು, ಬಡಿಸುವಾಗ ಉಪ್ಪು ಹಾಕಿದರೆ ಕಾಲು ಗಂಟೆ ಮೋಸವಿಲ್ಲ.

ಆದರೆ ನನಗೆ ಬೇಕಿದ್ದದ್ದು ಎರಡು ಗಂಟೆ. ಹಾಗಾದರೆ ಉಪ್ಪಿನ ಅದೇ ಗುಣವನ್ನು ಮೊದಲೇ ಬಳಸಿಕೊಳ್ಳಬಹುದು. ಹೋಳು ಬಿಡಬೇಕಾದ ನೀರನ್ನೆಲ್ಲ ಜರಡಿಯಲ್ಲೇ ಬಿಟ್ಟು ಬರಲಿ, ಮೊಸರಿಗೆ ಆಮೇಲೆ ಇಳಿಯಲಿ.

ಎರಡನೇ ಭಾನುವಾರ: ಎಷ್ಟು ಹೊತ್ತು ಉಪ್ಪಿನಲ್ಲಿ?

ಎರಡು ಮಧ್ಯಮ ಗಾತ್ರದ ಎಳೆ ಸೌತೆಕಾಯಿ. ಸಾಂಬಾರಿಗೆ ಹಾಕುವ ಮಂಗಳೂರು ಸೌತೆ ಇಲ್ಲಿ ನಡೆಯುವುದಿಲ್ಲ. ತುದಿಯಿಂದ ಒಂದು ಚೂರು ತಿಂದು ನೋಡಿದೆ. ಕಹಿ ಇದ್ದರೆ ಆ ಕಾಯಿಯನ್ನೇ ಬಿಟ್ಟುಬಿಡಬೇಕು, ಉಪ್ಪು ಹಾಕಿದರೆ ಸರಿಹೋಗುತ್ತದೆ ಅಂತ ಕಾಯಬಾರದು.

ಸಿಪ್ಪೆ ತೆಗೆದ ಮೇಲೆ 390 ಗ್ರಾಂ ಇತ್ತು. ಉದ್ದಕ್ಕೆ ಸೀಳಿ, ಚಮಚದ ತುದಿಯಿಂದ ನಡುವಿನ ಬೀಜದ ಲೋಳೆಯನ್ನು ಕೆರೆದೆ. ಅದೇ 90 ಗ್ರಾಂ ಬಂತು! ಅಂದರೆ ಉಪ್ಪಿನ ಮಾತು ಬರುವ ಮೊದಲೇ, ಬರೀ ಚಮಚದ ಕೆಲಸದಿಂದ ಕಾಯಿಯ ಅತಿ ನೀರಿನ ಭಾಗ ಹೊರಗೆ ಹೋಯಿತು. ತೀರಾ ಎಳೆಕಾಯಿಯಲ್ಲಿ ಈ ಲೋಳೆ ಕಡಿಮೆ, ಅದನ್ನು ಹಾಗೇ ಬಿಡಬಹುದು. ಬೀಜ ಬಲಿತು ಬಾಯಿಗೆ ಸಿಗುವ ಹಾಗಿದ್ದರೆ ಮಾತ್ರ ಖಂಡಿತ ತೆಗೆಯಬೇಕು. ಕೆರೆದದ್ದನ್ನು ಎಸೆಯದೆ ಮಜ್ಜಿಗೆಗೆ ರುಬ್ಬಿ ಕುಡಿದೆವು.

ಉಳಿದ 300 ಗ್ರಾಂ ಅನ್ನು ಕಡಲೆಬೇಳೆಗಿಂತ ಸ್ವಲ್ಪ ದೊಡ್ಡದಾಗಿ ಹೆಚ್ಚಿದೆ. 3 ಗ್ರಾಂ ಉಪ್ಪು, ಅಂದರೆ ಪುಡಿ ಉಪ್ಪು ಮಟ್ಟಸವಾಗಿ ಅರ್ಧ ಟೀ ಚಮಚ. ನೂರು ಗ್ರಾಂ ಹೋಳಿಗೆ ಒಂದು ಗ್ರಾಂ ಅನ್ನುವುದು ನೆನಪಿಡಲು ಸುಲಭ. ಕೈಯಲ್ಲಿ ಚೆನ್ನಾಗಿ ಬೆರೆಸಿ ಜರಡಿಗೆ ಹಾಕಿ, ಕೆಳಗೆ ಬಟ್ಟಲಿಟ್ಟು, ಆಗಾಗ ಆ ಬಟ್ಟಲಿನ ನೀರನ್ನು ತೂಗಿದೆ.

ಹತ್ತು ನಿಮಿಷಕ್ಕೆ ಇಳಿದಿದ್ದು 17 ಗ್ರಾಂ. ಇಪ್ಪತ್ತಕ್ಕೆ 34. ಅರ್ಧ ಗಂಟೆಗೆ 46. ಆಮೇಲೆ ವೇಗ ತಗ್ಗಿತು. ಪೂರ್ತಿ ಒಂದು ಗಂಟೆ ಆದಾಗ 59. ಮೊದಲ ಅರ್ಧ ಗಂಟೆಯಲ್ಲಿ ಸಿಕ್ಕಿದ್ದಕ್ಕೆ ಹೋಲಿಸಿದರೆ ಎರಡನೇ ಅರ್ಧ ಗಂಟೆ ಕೊಟ್ಟಿದ್ದು 13 ಗ್ರಾಂ ಅಷ್ಟೇ.

ಒಂದು ಗಂಟೆ ಆದ ಮೇಲೆ ಮುಷ್ಟಿ ಮುಷ್ಟಿಯಾಗಿ ಹಿಂಡಿದೆ. ಮತ್ತೆ 37 ಗ್ರಾಂ ಬಂತು. ಒಟ್ಟು 96. ಮೂರರಲ್ಲಿ ಒಂದು ಪಾಲು ತೂಕ ಮಾಯ! ಇದನ್ನೇ ಇನ್ನೊಂದು 300 ಗ್ರಾಂನಲ್ಲಿ ಅರ್ಧ ಗಂಟೆಗೇ ನಿಲ್ಲಿಸಿ ಹಿಂಡಿ ನೋಡಿದೆ. ಒಟ್ಟು 90 ಬಂತು. ಆರು ಗ್ರಾಂಗೋಸ್ಕರ ಇನ್ನೂ ಅರ್ಧ ಗಂಟೆ ಕಾಯುವುದರಲ್ಲಿ ಅರ್ಥವಿಲ್ಲ. ನನ್ನ ಪಾಲಿಗೆ ಸೌತೆಕಾಯಿಯ ಸಮಯ ಅಲ್ಲಿಗೆ ತೀರ್ಮಾನವಾಯಿತು: ಅರ್ಧ ಗಂಟೆ, ಆಮೇಲೆ ಹಿಂಡುವುದು.

ಬರೀ ಸೋರಲು ಬಿಟ್ಟು ಹಿಂಡದೇ ಇದ್ದರೆ ಅರ್ಧ ಕೆಲಸವೇ ಆಗುವುದು. ಉಪ್ಪು ತಗುಲಿದ ಹೋಳು ಬಾಡಿದ ಹಾಗೆ ಮೆತ್ತಗಾಗುತ್ತದೆ, ಒತ್ತಿದರೆ ಬಗ್ಗುತ್ತದೆ, ಮುರಿಯುವುದಿಲ್ಲ. ಹಿಂಡಲು ಹದ ಬಂದಿದೆ ಅಂತ ತಿಳಿಯುವುದು ಹಾಗೆಯೇ. ಒಂದು ಹೋಳನ್ನು ಎರಡು ಬೆರಳಲ್ಲಿ ಬಗ್ಗಿಸಿ ನೋಡಿ, ಚಟ್ ಅಂತ ಮುರಿದರೆ ಇನ್ನೂ ಹತ್ತು ನಿಮಿಷ ಬಿಡಿ. ಹಿಂಡುವಾಗ ಮೊದಲು ನೀರು ಧಾರೆಯಾಗಿ ಬರುತ್ತದೆ, ಆಮೇಲೆ ಹನಿಯಾಗುತ್ತದೆ. ಹನಿಯಾದಾಗ ನಿಲ್ಲಿಸಿದೆ. ಬಟ್ಟೆಯಲ್ಲಿ ಕಟ್ಟಿ ತಿರುಚಿಯೂ ನೋಡಿದೆ. ನೀರು ಇನ್ನಷ್ಟು ಬಂತು ನಿಜ, ಆದರೆ ಹೋಳು ಜಜ್ಜಿಹೋಗಿ ಬಾಯಿಗೆ ಏನೂ ಸಿಗಲಿಲ್ಲ.

ಈ ದಿನದ ಎಡವಟ್ಟನ್ನೂ ಹೇಳಿಬಿಡುತ್ತೇನೆ. ಜಾಸ್ತಿ ಉಪ್ಪು ಹಾಕಿದರೆ ಬೇಗ ಆಗಬಹುದು ಅಂದುಕೊಂಡು ಒಂದು ಕಂತಿಗೆ ಎರಡು ಚಮಚ ಉಪ್ಪು ಸುರಿದೆ. ಫೋನ್ ಬಂತು, ಎರಡು ಗಂಟೆ ಹಾಗೇ ಉಳಿಯಿತು. ಹೋಳು ಉಪ್ಪಿನಕಾಯಿ ಹೋಳಿನ ಹಾಗೆ ಚರ್ಮ ಕಟ್ಟಿತ್ತು. ಬಾಯಿಗಿಡಲು ಆಗದಷ್ಟು ಉಪ್ಪು. ನಲ್ಲಿ ಕೆಳಗೆ ತೊಳೆದೆ. ಉಪ್ಪೇನೋ ಹೋಯಿತು, ಆದರೆ ತೊಳೆದ ನೀರನ್ನು ಹೋಳು ಸ್ಪಂಜಿನ ಹಾಗೆ ಹೀರಿಕೊಂಡಿತು. ತೂಗಿದರೆ ಹಿಂಡಿ ತೆಗೆದದ್ದರಲ್ಲಿ ಅರ್ಧದಷ್ಟು ವಾಪಸ್ ಬಂದಿತ್ತು. ತೊಳೆಯಬೇಕಾದ ಪರಿಸ್ಥಿತಿ ಬರದ ಹಾಗೆ ಉಪ್ಪು ಹಾಕುವುದೇ ಒಳ್ಳೆಯದು.

ತುರಿದು ಮಾಡುವವರಿಗೆ ಒಂದು ಮಾತು. ತುರಿಯುವಾಗಲೇ ಕೋಶಗಳು ಒಡೆದುಹೋಗುತ್ತವೆ, ಉಪ್ಪಿಲ್ಲದೆಯೂ ನೀರು ಬರುತ್ತದೆ. 300 ಗ್ರಾಂ ತುರಿದು ತಕ್ಷಣ ಹಿಂಡಿದಾಗ 115 ಗ್ರಾಂ ನೀರು ಸಿಕ್ಕಿತು. ಸಮಯವಿಲ್ಲದವರಿಗೆ ಇದು ಅನುಕೂಲ. ನನಗೆ ಮಾತ್ರ ಹೋಳು ಕಟುಂ ಅನ್ನಬೇಕು. ತುರಿ ಮೊಸರಿನಲ್ಲಿ ಕರಗಿದ ಹಾಗಿರುತ್ತದೆ, ಸೌತೆಕಾಯಿಯ ರುಚಿಯ ಬಹುಪಾಲು ಹಿಂಡಿದ ನೀರಿನ ಜೊತೆಗೇ ಹೋಗಿರುತ್ತದೆ.

ಮೂರನೇ ಭಾನುವಾರ: ಮೊಸರಿನ ಸರದಿ

ಹಿಂಡಿದ ಹೋಳನ್ನು ಕಲಸಿ ತಟ್ಟೆಯ ಮೇಲೆ ಗುಡ್ಡೆ ಹಾಕಿದೆ. ಮೂರು ಗಂಟೆ ಆದ ಮೇಲೂ ಉಂಗುರ ಒಂದು ಬೆರಳಿಗೆ ನಿಂತಿತ್ತು. ಮೂರರಿಂದ ಒಂದಕ್ಕೆ ಇಳಿದದ್ದು ಸಂತೋಷವೇ. ಆದರೆ ಉಳಿದದ್ದು ಮೊಸರಿನದೇ ನೀರು.

ಮೊಸರಿನ ಪಾತ್ರೆಯಿಂದ ಒಂದು ಸೌಟು ತೆಗೆದು ಇಟ್ಟರೆ, ಸಂಜೆಗೆ ಆ ಗುಂಡಿಯಲ್ಲಿ ತಿಳಿನೀರು ನಿಂತಿರುತ್ತದಲ್ಲವಾ? ಹೆಪ್ಪುಗಟ್ಟಿದ ಮೊಸರು ಅಂದರೆ ಹಾಲಿನ ಪ್ರೋಟೀನಿನ ಬಲೆ, ಬಲೆಯ ಕಣ್ಣುಗಳಲ್ಲಿ ನೀರು. ಸೌಟು ಬಲೆಯನ್ನು ಕತ್ತರಿಸಿದ ಕಡೆ ನೀರು ಜಿನುಗುತ್ತದೆ. ರಾಯ್ತಕ್ಕೆ ಅಂತ ಕಡೆಗೋಲು ಹಾಕಿ ಕಡೆದರೆ ಇಡೀ ಬಲೆಯೇ ಹರಿದು ಚೂರಾಗುತ್ತದೆ. ಮಿಕ್ಸಿಗೆ ಹಾಕಿದರೆ ಅದು ಮಜ್ಜಿಗೆಯೇ. ಹಿಂದೆಲ್ಲ ನಾನು ನುಣ್ಣಗಾಗಲಿ ಅಂತ ಒಂದು ಸುತ್ತು ಮಿಕ್ಸಿ ಓಡಿಸುತ್ತಿದ್ದೆ. ಅದನ್ನು ಆ ದಿನವೇ ಬಿಟ್ಟೆ.

ನಮ್ಮ ಮನೆಗೆ ಬರುವುದು ಟೋನ್ಡ್ ಹಾಲು, ಕೊಬ್ಬು ನೂರಕ್ಕೆ 3. ಕೊಬ್ಬು 6 ಇರುವ ಫುಲ್ ಕ್ರೀಮ್ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ತಾನಾಗಿಯೇ ಗಟ್ಟಿ. ಹಾಲು ಬದಲಿಸುವ ಮನಸ್ಸಿರಲಿಲ್ಲ. ಸೋರಿಸುವುದೇ ಸರಿ ಅನ್ನಿಸಿತು.

ಜರಡಿಯ ಮೇಲೆ ತೆಳು ಹತ್ತಿಯ ಪಂಚೆ ತುಂಡು ಹಾಸಿ, 500 ಗ್ರಾಂ ಮೊಸರನ್ನು ಕಲಕದೆ ಹಾಗೇ ಜಾರಿಸಿದೆ. ಫ್ರಿಜ್ಜಿನಲ್ಲಿ ಇಟ್ಟೆ, ಹೊರಗೆ ಇಟ್ಟರೆ ಹುಳಿ ಏರುತ್ತದೆ. ಮುಕ್ಕಾಲು ಗಂಟೆಗೆ ಕೆಳಗಿನ ಬಟ್ಟಲಲ್ಲಿ 105 ಗ್ರಾಂ ತಿಳಿನೀರು. ಮೊಸರು 395 ಗ್ರಾಂಗೆ ಬಂದಿತ್ತು. ಚಮಚದಲ್ಲಿ ಎತ್ತಿದರೆ ದಪ್ಪಗೆ, ನಿಧಾನಕ್ಕೆ ಬೀಳುತ್ತದೆ. ರಾಯ್ತಕ್ಕೆ ಇದೇ ಹದ. ಕುತೂಹಲಕ್ಕೆ ಇನ್ನೊಂದು ಕಂತನ್ನು ಮೂರು ಗಂಟೆ ಬಿಟ್ಟೆ. ಅದು ಶ್ರೀಖಂಡಕ್ಕೆ ಸರಿ. ಹೋಳುಗಳಿಗೆ ಸುಣ್ಣ ಬಳಿದ ಹಾಗೆ ಮೆತ್ತಿಕೊಂಡಿತು, ಪಲಾವಿನ ಅನ್ನದ ಜೊತೆ ಕಲೆಯಲೇ ಇಲ್ಲ. ಹೀಗಾದರೆ ಸಡಿಲ ಮಾಡಲು ನೀರು ಹಾಕಬೇಡಿ, ಇಳಿದ ತಿಳಿನೀರನ್ನೇ ಎರಡು ಚಮಚ ವಾಪಸ್ ಹಾಕಿ. ಉಳಿದದ್ದು ಚಪಾತಿ ಹಿಟ್ಟಿಗೆ ಹೋಗಲಿ.

ಇನ್ನು ಉಪ್ಪು. ಹಿಂಡಿದ ಹೋಳನ್ನು ಸೋರಿಸಿದ ಮೊಸರಿಗೆ ಸೇರಿಸಿ ರುಚಿ ನೋಡಿದರೆ ಸ್ವಲ್ಪ ಸಪ್ಪೆ. ಹಾಕಿದ 3 ಗ್ರಾಂ ಉಪ್ಪಿನಲ್ಲಿ ಒಂದು ಪಾಲು ನೀರಿನ ಜೊತೆ ಹೋಗಿದೆ. ಉಳಿದದ್ದು ಹೋಳಿನಲ್ಲಿದೆ. ಮತ್ತೆ ಉಪ್ಪು ಹಾಕಿದರೆ ಮತ್ತೆ ನೀರು ಬಿಡುವುದಿಲ್ಲವಾ ಅಂತ ಭಯವಾಯಿತು. ಬಿಡಲಿಲ್ಲ. ಯೋಚಿಸಿದರೆ ಕಾರಣ ಸರಳ. ಹೋಳಿನ ಒಳಗೆ ಈಗಾಗಲೇ ಉಪ್ಪು ಸೇರಿದೆ. ಮೊಸರು ಹೋಳಿಗಿಂತ ಕಡಿಮೆ ಉಪ್ಪಿನದಾಗಿದ್ದರೆ ನೀರು ಹೊರಗೆ ಬರಲು ಎಳೆತವೇ ಇಲ್ಲ. ಹಾಗಾಗಿ ಚಿಟಿಕೆ ಚಿಟಿಕೆಯಾಗಿ, ರುಚಿ ನೋಡುತ್ತ, ಕೊನೆಗೆ ಹಾಕಿದೆ. ಮೂರು ಗಂಟೆ ಆದ ಮೇಲೆ ತಟ್ಟೆಯ ಪರೀಕ್ಷೆ: ಉಂಗುರ ಕಾಲು ಬೆರಳು.

ಈರುಳ್ಳಿಗೆ ಬೇರೆ ಗಡಿಯಾರ

ಬಿರಿಯಾನಿ ಜೊತೆ ನಮ್ಮಲ್ಲಿ ಈರುಳ್ಳಿ ರಾಯ್ತವೇ ಆಗಬೇಕು. ಅದೇ ಅರ್ಧ ಗಂಟೆಯ ಲೆಕ್ಕವನ್ನು ಈರುಳ್ಳಿಗೂ ಹಾಕಿ ಕೈ ಸುಟ್ಟುಕೊಂಡೆ. ಈರುಳ್ಳಿಯಲ್ಲಿ ನೀರು ನೂರಕ್ಕೆ 89ರಷ್ಟು, ಸೌತೆಕಾಯಿಗಿಂತ ಕಡಿಮೆ. ಪದರಗಳೂ ತೆಳು. ಅರ್ಧ ಗಂಟೆಗೆ ಪೂರ್ತಿ ಸೋತು, ಬೇಯಿಸಿದ ಹಾಗೆ ಜೋಲು ಬಿದ್ದಿತ್ತು.

ಎರಡನೇ ಸಲ 250 ಗ್ರಾಂ ಈರುಳ್ಳಿಯನ್ನು ತೆಳ್ಳಗೆ ಉದ್ದುದ್ದ ಹೆಚ್ಚಿ, ಎರಡೂವರೆ ಗ್ರಾಂ ಉಪ್ಪು ಬೆರೆಸಿ ಹನ್ನೆರಡು ನಿಮಿಷ ಬಿಟ್ಟೆ. ತಾನಾಗಿ ಸೋರಿದ್ದು ನಾಲ್ಕೈದು ಗ್ರಾಂ ಮಾತ್ರ. ಹಗುರಾಗಿ ಹಿಂಡಿದಾಗ 28 ಗ್ರಾಂ ಬಂತು. ಈ ನೀರಿನ ಘಾಟು ಮೂಗಿಗೆ ಹೊಡೆಯುತ್ತದೆ. ಕತ್ತರಿಸಿದಾಗ ಹುಟ್ಟುವ ಗಂಧಕದ ಅಂಶಗಳು ಅದರಲ್ಲಿ ಇಳಿದಿರುತ್ತವೆ. ಹಾಗಾಗಿ ಹಿಂಡುವುದರಿಂದ ಎರಡು ಲಾಭ, ನೀರೂ ಹೋಯಿತು, ಖಾರದ ಘಾಟೂ ತಗ್ಗಿತು. ಹೋಟೆಲಿನವರು ಈರುಳ್ಳಿಯನ್ನು ತಣ್ಣೀರಿನಲ್ಲಿ ನೆನೆಸಿಡುವುದು ಘಾಟು ಇಳಿಯಲಿ ಅಂತ. ಆದರೆ ಪದರಗಳ ನಡುವೆ ಅಂಟಿದ ನೀರು ನೇರ ಮೊಸರಿಗೇ ಬರುತ್ತದೆ. ನೆನೆಸಿದರೆ ಬಟ್ಟೆಯಲ್ಲಿ ಒರೆಸಿ ಒಣಗಿಸಲೇಬೇಕು.

ಮೊದಲೇ ಕಲಸಿಡುವ ಆಸೆಯನ್ನು ಈರುಳ್ಳಿಯಲ್ಲಿ ಬಿಟ್ಟಿದ್ದೇನೆ. ನೀರಿನ ತೊಂದರೆ ತಪ್ಪಿದರೂ, ಎರಡು ಗಂಟೆ ಆದರೆ ಮೊಸರೆಲ್ಲ ಈರುಳ್ಳಿ ವಾಸನೆ. ಹಿಂಡಿದ ಈರುಳ್ಳಿ ಒಂದು ಡಬ್ಬಿ, ಸೋರಿಸಿದ ಮೊಸರು ಒಂದು ಡಬ್ಬಿ. ಬಡಿಸುವ ಹತ್ತು ನಿಮಿಷ ಮೊದಲು ಎರಡೂ ಒಂದಾಗುತ್ತವೆ.

ಆಗಲೇ ನೀರಾಗಿದ್ದರೆ

ಬಾಗಿಲಲ್ಲಿ ನೆಂಟರಿದ್ದಾರೆ, ರಾಯ್ತ ಹರಿಯುತ್ತಿದೆ. ನಾನು ಮೂರು ಉಪಾಯ ಮಾಡಿ ನೋಡಿದೆ. ಒಂದೆರಡು ಚಮಚ ಹುರಿಗಡಲೆ ಪುಡಿ ಹಾಕಿದರೆ ಐದು ನಿಮಿಷದಲ್ಲಿ ಗಟ್ಟಿಯಾಗುತ್ತದೆ, ಆದರೆ ಚಟ್ನಿಯ ರುಚಿ ಬರುತ್ತದೆ. ತೆಂಗಿನಕಾಯಿ, ಸಾಸಿವೆ, ಹಸಿಮೆಣಸು ಗಟ್ಟಿಯಾಗಿ ರುಬ್ಬಿ ಹಾಕಿದರೆ ಅದು ಮಲೆನಾಡಿನ ಸೌತೆಕಾಯಿ ಸಾಸಿವೆಯೇ ಆಗುತ್ತದೆ. ಕಾಯಿ ನೀರನ್ನು ಹಿಡಿದುಕೊಳ್ಳುತ್ತದೆ, ತಪ್ಪು ಮಾಡಿದ್ದೇವೆ ಅಂತ ಯಾರಿಗೂ ತಿಳಿಯುವುದಿಲ್ಲ. ದೊಡ್ಡಮ್ಮನನ್ನು ಬಿಟ್ಟು. ಮೂರನೆಯದು ನೇರ ದಾರಿ: ಜರಡಿಯಲ್ಲಿ ಹೋಳು ಬೇರೆ ಮಾಡಿ ಹಿಂಡುವುದು, ಹೊಸ ಗಟ್ಟಿ ಮೊಸರಿಗೆ ಹಾಕುವುದು, ಕೆಳಗಿಳಿದ ತೆಳು ಮೊಸರನ್ನು ಮಜ್ಜಿಗೆ ಮಾಡಿ ಅದೇ ಊಟದ ಕೊನೆಗೆ ಬಡಿಸುವುದು.

ನಾಲ್ಕನೇ ಭಾನುವಾರ: ಹತ್ತು ಜನಕ್ಕೆ

ಮತ್ತೆ ಅದೇ ನೆಂಟರು, ಅದೇ ಪಲಾವ್. ಈ ಸಲ ಹತ್ತು ಗಂಟೆಗೆ ಒಂದೂವರೆ ಕೆಜಿ ಮೊಸರನ್ನು ಎರಡು ಜರಡಿಯಲ್ಲಿ ಸೋರಲು ಇಟ್ಟೆ. ಅದು ಸೋರುತ್ತಿರುವಾಗಲೇ ಸಿಪ್ಪೆ, ಬೀಜ ತೆಗೆದ 850 ಗ್ರಾಂ ಸೌತೆಕಾಯಿ ಹೆಚ್ಚಿ, ಒಂದೂವರೆ ಟೀ ಚಮಚಕ್ಕೆ ಸ್ವಲ್ಪ ಕಡಿಮೆ ಉಪ್ಪು ಬೆರೆಸಿದೆ. ಹನ್ನೊಂದರ ಹೊತ್ತಿಗೆ ಹಿಂಡಿ ಮುಗಿಯಿತು, ಹೋಳು 580 ಗ್ರಾಂಗೆ ಇಳಿದಿತ್ತು. ಮೊಸರನ್ನು ಚಮಚದಿಂದ ನಾಲ್ಕೈದು ಸುತ್ತು ಮಾತ್ರ ತಿರುಗಿಸಿ ಹೋಳು ಸೇರಿಸಿದೆ. ಕೊತ್ತಂಬರಿ ಸೊಪ್ಪನ್ನು ತೊಳೆದು ಬಟ್ಟೆಯಲ್ಲಿ ಒತ್ತಿ ಒಣಗಿಸಿಯೇ ಹೆಚ್ಚಿದೆ, ಅದರಲ್ಲೂ ಎರಡು ಚಮಚ ನೀರು ಅಡಗಿರುತ್ತದೆ. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆಯನ್ನು ಆರಿಸಿ ಮೇಲೆ ಹಾಕಿದೆ. ಉಪ್ಪು ಮುಕ್ಕಾಲು ಚಮಚ ಬೇಕಾಯಿತು.

ಒಂದು ಗಂಟೆಗೆ ಮುಚ್ಚಳ ತೆಗೆದಾಗ ಅಂಚಿನಲ್ಲಿ ಸ್ವಲ್ಪ ಮಿನುಗು ಇತ್ತು, ಒಂದು ಸಲ ತಿರುಗಿಸಿದ ಕೂಡಲೇ ಅದು ಒಳಗೆ ಸೇರಿತು. ದೊಡ್ಡಮ್ಮ ಬಾಳೆಲೆಯ ಮೇಲೆ ರಾಯ್ತ ಹಾಕಿಸಿಕೊಂಡು, ಎಲೆಯನ್ನೇ ಸ್ವಲ್ಪ ಓರೆ ಮಾಡಿ ನೋಡಿದರು. ಗುಡ್ಡೆ ಕದಲಲಿಲ್ಲ.

"ಹಿಂಡಿದ ನೀರು ಏನು ಮಾಡ್ದೆ?" ಅಂತ ಕೇಳಿದರು.

"ಫ್ರಿಜ್ಜಲ್ಲಿದೆ ದೊಡ್ಡಮ್ಮ."

"ತಗೊಂಡು ಬಾ. ಮಜ್ಜಿಗೆಗೆ ಹಾಕು, ಶುಂಠಿ ಜಜ್ಜಿ ಹಾಕು. ಬೇರೆ ಉಪ್ಪು ಹಾಕ್ಬೇಡ ಮತ್ತೆ."